ಎಲ್ಲಾ ಮೊಡವಿನೂ ಒಂದ ಅಲ್ಲ

ನಮ್ಮ ಕಡೆ ಮುಖದ ಮ್ಯಾಲೆ ಏನ ಎದ್ದರೂ ಅದಕ್ಕ ಒಂದ ಹೆಸರು, ಮೊಡವಿ. ಸಾಸಿವಿಕಾಳಿನಷ್ಟು ಬಿಳೇ ಗುಳ್ಳಿಗೂ ಮೊಡವಿ ಅಂತೀವಿ, ಕಡ್ಲಿಕಾಳಿನಷ್ಟು ದಪ್ಪಾಗಿ ಒಳಗೊಳಗ ನೋಯೋ ಗಂಟಿಗೂ ಮೊಡವಿನ ಅಂತೀವಿ. ಹೆಸರು ಒಂದ ಆಗಿದ್ದಕ್ಕ ಮದ್ದೂ ಒಂದ ಆಗ್ತದ. ಕಡ್ಲಿಹಿಟ್ಟು, ಅರಿಷಿಣ, ತೇದ ಜಾಜಿಕಾಯಿ, ಇಲ್ಲಾಂದ್ರ ಲಿಂಬಿಹಣ್ಣಿನ ರಸ. ಅದರ ಜೋಡಿ "ವಯಸ್ಸಿಂದು, ಮದುವಿ ಆದಮ್ಯಾಲೆ ತಾನ ಹೋಗ್ತದ" ಅನ್ನೋ ಮಾತು. ಬಿಳೇ ಗುಳ್ಳಿ ಮಟ್ಟಿಗೆ ಕಾಯೋದು ನಡೀತದ. ಗಂಟಿನ ಮಟ್ಟಿಗೆ ನಡಿಯಂಗಿಲ್ಲ. ಗಂಟು ಸುಮ್ನ ಹೋಗಂಗಿಲ್ಲ, ಹೋಗೂವಾಗ ಮುಖದ ಮ್ಯಾಲೆ ತಗ್ಗು ಬಿಟ್ಟು ಹೋಗ್ತದ.

ಹೋದ ವರ್ಷ ದೀಪಾವಳಿಗೆ ನಮ್ಮ ನಾದಿನಿ ಮಗಳನ್ನ ಕರಕೊಂಡು ಬಂದಿದ್ಲು. ಹುಡುಗಿಗೆ 17 ವರ್ಷ, ಪಿಯುಸಿ ಎರಡನೇ ವರ್ಷ. ಮೂರು ದಿನ ಇದ್ಲು, ಮೂರೂ ದಿನ ಕೂದಲಾ ಗಲ್ಲದ ಮ್ಯಾಲೆ ಬಿಟ್ಟಕೊಂಡ ಅಡ್ಡಾಡಿದ್ಲು. ಫೋಟೋ ತಗಿಯೋಣು ಬಾ ಅಂದ್ರ ಒಲ್ಲೆ ಅಂದ್ಲು. ನಾನು ಅಕೀನ ಮುಖಾ ತೊಳಕೊಂಡ ಬಾ ಅಂತ ಹೇಳಿ ಕಿಟಕಿ ಹತ್ರ ಕೂಡಿಸಿ ನೋಡಿದೆ. ಎದುರಿಂದ ಅಲ್ಲ, ಬೆಳಕು ಒಂದ ಮಗ್ಗಲದಿಂದ ಬೀಳೂ ಹಂಗ. ಟ್ಯೂಬ್‌ಲೈಟಿನ ಕೆಳಗ ಎಲ್ಲಾ ಒಂದ ಥರಾ ಕಾಣ್ತದ. ಮಗ್ಗಲದ ಬೆಳಕಿನ್ಯಾಗ ಉಬ್ಬಿದ್ದು ಉಬ್ಬಿದ ಹಂಗ, ತಗ್ಗಿದ್ದು ತಗ್ಗಿದ ಹಂಗ ನೆರಳು ಹಾಕ್ತಾವ.

ಅಕೀ ಮುಖದಾಗ ಮೂರು ಥರದ್ದು ಇದ್ವು. ಹಣಿ ಮ್ಯಾಲೆ ಸಣ್ಣ ಸಣ್ಣ ಬಿಳೇ ಗುಳ್ಳಿ, ಮುಟ್ಟಿದ್ರ ರವಾ ಮುಟ್ಟಿದಂಗ, ನೋವಿಲ್ಲ, ಕೆಂಪಿಲ್ಲ. ದವಡಿ ಮ್ಯಾಲೆ, ಗದ್ದದ ಹತ್ರ ನಾಕು ಗಂಟು. ಅವಕ್ಕ ಬಾಯಿನ ಇಲ್ಲ, ಮ್ಯಾಲೆ ಕೀವು ಕಾಣಂಗಿಲ್ಲ, ಬರೇ ಕೆಂಪಾಗಿ ಊದಿದ್ವು. ಮೆಲ್ಲಕ ಬೆರಳಿಟ್ರ ಚರ್ಮದ ಕೆಳಗ ಗಟ್ಟಿಯಾಗಿ ಹತ್ತತಿದ್ವು. "ಮಾಮಿ, ಆ ಕಡೆ ಮಗ್ಗಲಾಗಿ ಮಲಗಾಕ ಬರಂಗಿಲ್ಲ" ಅಂದ್ಲು. ಒಂದು ಗಂಟಂತೂ ಗಣಪತಿ ಹಬ್ಬದಿಂದ ಅಲ್ಲೇ ಇತ್ತಂತ. ಮೂರನೇದು ಕಲಿ. ಕೆಲವು ಬರೇ ಕಂದು ಬಣ್ಣದ್ದು. ಎಡಗಲ್ಲದ ಮ್ಯಾಲೆ ಐದು ಮಾತ್ರ ಸೂಜಿ ಚುಚ್ಚಿದಂಗ, ಪೆನ್ಸಿಲ್ ಒತ್ತಿದಂಗ ಒಳಗ ಇಳದಿದ್ವು.

ಈ ಮೂರೂ ಒಂದ ಜಾಗದಾಗ ಹುಟ್ಟತಾವ, ಆದ್ರ ಅವುಗಳ ಆಳ ಬ್ಯಾರೆ ಬ್ಯಾರೆ. ನಮ್ಮ ಚರ್ಮದಾಗ ಒಂದೊಂದು ಕೂದಲಿನ ಬುಡಕ್ಕೂ ಒಂದು ಸಣ್ಣ ಕೊಳವಿ ಇರ್ತದ, ಅದರ ಮಗ್ಗಲಿಗೆ ಎಣ್ಣಿ ಮಾಡೋ ಗ್ರಂಥಿ. ಹರೇದಾಗ ಎಣ್ಣಿ ಹೆಚ್ಚಾಗ್ತದ, ಸತ್ತ ಚರ್ಮ ಸೇರಿ ಕೊಳವಿ ಬಾಯಿ ಕಟ್ಟತದ. ಬಾಯಿ ಮುಚ್ಚಿದ್ರ ಬಿಳೇ ಗುಳ್ಳಿ, ತೆರದಿದ್ರ ಕರೇ ಚುಕ್ಕಿ. ಇದು ಬಚ್ಚಲ ಪೈಪಿನ ಬಾಯಾಗ ಕಸ ಕಟ್ಟಿದಂಗ. ಗಂಟು ಅಂದ್ರ ಆ ಪೈಪು ನೆಲದೊಳಗ ಒಡದಂಗ. ಕೊಳವಿ ಗ್ವಾಡಿ ಒಳಗ ಒಡದು, ಇದ್ದದ್ದೆಲ್ಲಾ ಸುತ್ತಲಿನ ಚರ್ಮದಾಗ ಹರಡಿ ಬಾವು ಬರ್ತದ. ಆ ಬಾವು ಚರ್ಮಾನ ಎತ್ತಿ ಹಿಡಿಯೋ ನಾರನ್ನ ತಿಂತದ. ನಾರು ಹೋದಲ್ಲೆ ಮ್ಯಾಲಿನ ಚರ್ಮ ಕುಸೀತದ. ಅದ ತಗ್ಗು. ಈಗ ಹೇಳ್ರಿ, ಮ್ಯಾಲೆ ಹಚ್ಚಿದ ಕಡ್ಲಿಹಿಟ್ಟು ನೆಲದೊಳಗ ಒಡದ ಪೈಪಿಗೆ ಏನ ಮಾಡೀತು? ಹಿಚಕಿದ್ರಂತೂ ಒಳಗಿಂದು ಮತ್ತಷ್ಟು ಆಳಕ್ಕ ಇಳೀತದ.

ಹಣಿ ಮ್ಯಾಲಿನ ಬಿಳೇ ಗುಳ್ಳಿಗೆ ಮನ್ಯಾಗ ಮಾಡೋದು ಅದ. ದಿನಕ್ಕ ಎರಡು ಸಲ ಸೌಮ್ಯ ಫೇಸ್‌ವಾಶಿನಿಂದ ಮುಖಾ ತೊಳೀಬೇಕು, ತಿಕ್ಕಬಾರದು. ಅಕ್ರೋಟಿನ ಚೂರು ಹಾಕಿದ ಸ್ಕ್ರಬ್, ಲಿಂಬಿರಸ ಎರಡೂ ಬಿಡ್ರಿ, ಚರ್ಮ ಕೆರಳತದ. ತಲಿಗೆ ಎಣ್ಣಿ ಹಚ್ಚಿ ರಾತ್ರಿ ಮಲಗೂ ರೂಢಿ ಇದ್ರ ಹಣಿಗೆ ಇಳೀದಂಗ ನೋಡಕೋರಿ. ಕೂದಲ ಅಂಚಿಗುಂಟ ಗುಳ್ಳಿ ಸಾಲಾಗಿ ಬಂದಿದ್ರ ಎಣ್ಣಿದ ಕೆಲಸ ಇರಬಹುದು. ಬೆಂಝೋಯ್ಲ್ ಪೆರಾಕ್ಸೈಡ್ ಅನ್ನೋ ಜೆಲ್, 2.5 ಪರ್ಸೆಂಟಿಂದು ಸಾಕು, ತೆಳ್ಳಗ ಹಚ್ಚಬಹುದು. ಅದು ದಿಂಬಿನ ಕವರು, ಟಾವೆಲ್ಲು, ಕುಪ್ಪಸದ ಕೊರಳಪಟ್ಟಿ ಎಲ್ಲಾದರ ಬಣ್ಣಾನೂ ತಗೀತದ, ಬಿಳೇದ ಇಟಗೋರಿ. ಎಂಟರಿಂದ ಹನ್ನೆರಡು ವಾರ ಬಿಡದ ಮಾಡಬೇಕು. ಅಷ್ಟಾದ್ರೂ ಕಡಿಮಿ ಆಗಲಿಲ್ಲಂದ್ರ ಆವಾಗ ಡಾಕ್ಟರು.

ಗಂಟಿಗೆ ಮಾತ್ರ ಈ ಹನ್ನೆರಡು ವಾರದ ಲೆಕ್ಕ ಇಲ್ಲ. ಒಳಗ ಗಟ್ಟಿಯಾಗಿ ನೋಯೋ ಗಂಟು ಒಂದಕ್ಕಿಂತ ಹೆಚ್ಚ ಇದ್ರ, ವಾರಗಟ್ಟಲೆ ಇಳೀದ ಇದ್ರ, ಇಲ್ಲಾ ಒಂದಾದ್ರೂ ಹೊಸಾ ತಗ್ಗು ಬೀಳಾಕ ಸುರು ಆಗಿದ್ರ, ಮನಿ ಮದ್ದು ನೋಡೂ ಹೊತ್ತು ಮುಗೀತು ಅಂತ ತಿಳಕೋರಿ. ಗುಳ್ಳಿ ಎಷ್ಟು ಅವ ಅನ್ನೋದು ಮುಖ್ಯ ಅಲ್ಲ. ಮುಖದ ತುಂಬ ಬಿಳೇ ಗುಳ್ಳಿ ಇದ್ದ ಹುಡುಗಿಗೆ ಅವಸರಿಲ್ಲ, ನಾಕು ಗಂಟು ಐದು ತಗ್ಗು ಇದ್ದ ಹುಡುಗಿಗೆ ಅವಸರ ಅದ. ತಾಯಿಗೋ ತಂದಿಗೋ ಮೊಡವಿ ತಗ್ಗು ಇದ್ರ ಇನ್ನೂ ಲಗೂನ ಹೋಗ್ರಿ.

ನಾದಿನಿ "ಔಷಧ ಹಚ್ಚೀವಿ ವೈನಿ" ಅಂತ ಒಂದು ಟ್ಯೂಬ್ ತೋರಿಸಿದ್ಲು. ಅವರೂರ ಔಷಧದ ಅಂಗಡ್ಯಾಗ ಚೀಟಿ ಇಲ್ಲದ ಕೊಟ್ಟಿದ್ರು. ಓದಿ ನೋಡಿದ್ರ ಅದರಾಗ ಬೆಟಾಮೆಥಾಸೋನ್ ಇತ್ತು, ಸ್ಟೆರಾಯ್ಡ್. ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಬರದಿದ್ರೂ ಅದ ಜಾತಿ. ಹಚ್ಚಿದ ನಾಕು ದಿನ ಕೆಂಪು ಇಳದು ಮುಖಾ ಬೆಳ್ಳಗ ಕಾಣ್ತದ, ಅದಕ್ಕ ಮಂದಿ ಛಲೋ ಅದ ಅಂತಾರ. ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ತೆಳ್ಳಗಾಗ್ತದ, ಅದ ಔಷಧದಿಂದ ಹೊಸಾ ಗುಳ್ಳಿ ಏಳ್ತಾವ, ಬಿಟ್ರ ಉರಿ, ಕೆಂಪು ಹೆಚ್ಚಾಗ್ತದ. ಎಷ್ಟು ದಿನ ಹಚ್ಚೀರಿ ಅನ್ನೋದನ್ನ ಡಾಕ್ಟರ ಮುಂದ ಮುಚ್ಚಬ್ಯಾಡ್ರಿ.

ಹಬ್ಬ ಮುಗದ ಮರುದಿನ ಚರ್ಮದ ಡಾಕ್ಟರ ಕಡೆ ಹೋದ್ವಿ. ಅವರು ಮುಖಾ ನೋಡೂದಕಿಂತ ಪ್ರಶ್ನಿ ಹೆಚ್ಚ ಕೇಳಿದ್ರು. ತಿಂಗಳಾ ತಿಂಗಳಾ ಮುಟ್ಟು ಸರಿಯಾಗಿ ಬರ್ತದೇನು, ಗದ್ದದ ಮ್ಯಾಲೆ ದಪ್ಪ ಕೂದಲಾ ಬರ್ತಾವೇನು, ಲಗೂನ ತೂಕ ಹೆಚ್ಚಾಗೇದೇನು. ಮುಟ್ಟು ತಪ್ಪತಿದ್ರ, ಕೂದಲಾ ಬರ್ತಿದ್ರ ಹಾರ್ಮೋನಿನ ಪರೀಕ್ಷಾನೂ ಮಾಡಸಬೇಕಾಗ್ತದಂತ. ಇಕೀಗೆ ಹಂಗೇನ ಇರಲಿಲ್ಲ.

ಮೊದಲಿನ ಮೂರು ತಿಂಗಳಿಗೆ ಡಾಕ್ಸಿಸೈಕ್ಲಿನ್ ಗುಳಿಗಿ, ಮುಂಜಾನೆ ಬೆಂಝೋಯ್ಲ್ ಪೆರಾಕ್ಸೈಡ್, ರಾತ್ರಿ ಅಡಾಪಲೀನ್ ಜೆಲ್ ಬರದು ಕೊಟ್ರು. ಗುಳಿಗೀನ ಊಟ ಮಾಡಿ, ತುಂಬ ಒಂದು ಗ್ಲಾಸ್ ನೀರು ಕುಡದು ನುಂಗಬೇಕು. ನುಂಗಿದ ಕೂಡಲೆ ಮಲಗಬಾರದು, ಅನ್ನನಾಳದಾಗ ಸಿಕ್ಕಿ ಹುಣ್ಣಾಗ್ತದ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿ ಜೋಡಿ ನುಂಗಿದ್ರ ಮೈಗೆ ಹತ್ತಂಗಿಲ್ಲ. ಬಿಸಲೂ ಲಗೂನ ತಾಗ್ತದ. ಅಡಾಪಲೀನ್ ಇಡೀ ಮುಖಕ್ಕ ಒಂದು ವಟಾಣಿಕಾಳಿನಷ್ಟು, ಒಣಗಿದ ಮುಖಕ್ಕ. ಮೊದಲಿನ ಎರಡು ಮೂರು ವಾರ ಚರ್ಮ ಸಿಪ್ಪಿ ಏಳ್ತದ, ಗುಳ್ಳಿ ಹೆಚ್ಚಾದಂಗೂ ಅನಿಸ್ತದ. ಭಾಳ ಮಂದಿ ಇಲ್ಲೇ ಬಿಟ್ಟು ಬಿಡ್ತಾರ. ಗಣಪತಿ ಹಬ್ಬದ ಗಂಟಿಗೆ ಸೂಜಿಯಿಂದ ಒಂದ ಹನಿ ಔಷಧ ಒಳಗ ಬಿಟ್ರು, ಮೂರ ದಿನದಾಗ ಇಳೀತು. ಅದೂ ಸ್ಟೆರಾಯ್ಡನ. ಆದ್ರ ಅಳತಿ ಮಾಡಿ ಒಂದ ಗಂಟಿನೊಳಗ ಬಿಡೋದು ಬ್ಯಾರೆ, ತಿಂಗಳಗಟ್ಟಲೆ ಇಡೀ ಮುಖಕ್ಕ ಸವರೋದು ಬ್ಯಾರೆ.

ಮೂರು ತಿಂಗಳಿಗೆ ಹಣಿ ಸ್ವಚ್ಛ ಆತು. ದವಡಿ ಮ್ಯಾಲೆ ಮತ್ತ ಎರಡು ಗಂಟು ಎದ್ವು, ಇನ್ನೊಂದು ತಗ್ಗು ಬಿತ್ತು. ಆವಾಗ ಡಾಕ್ಟರು ಐಸೊಟ್ರೆಟಿನೋಯಿನ್ ಸುರು ಮಾಡಬೇಕು ಅಂದ್ರು. ಇದರ ಬಗ್ಗೆ ಎಲ್ಲಾರೂ ತಿಳಕೊಂಡಿರಬೇಕು. ಗಂಟಿನ ಮೊಡವಿಗೆ ಇದರಷ್ಟು ಕೆಲಸ ಮಾಡೋ ಗುಳಿಗಿ ಇನ್ನೊಂದಿಲ್ಲ. ಆದ್ರ ಇದು ಮೈಯಾಗಿರೂವಾಗ ಬಸರಾದ್ರ ಕೂಸಿಗೆ ಭಾರಿ ಊನ ಆಗ್ತದ. ಅದಕ್ಕ ಸುರು ಮಾಡೂ ಮೊದಲ ಬಸರಿನ ಪರೀಕ್ಷಾ ಮಾಡ್ತಾರ, ನಡಕ ನಡಕನೂ ಮಾಡ್ತಾರ, ಬಿಟ್ಟಮ್ಯಾಲೆ ಒಂದು ತಿಂಗಳಾದ್ರೂ ಬಸರಾಗಬಾರದು ಅಂತಾರ. ನಾದಿನಿ ಮುಖಾ ಕೆಂಪ ಮಾಡಿಕೊಂಡ್ಲು, "ಮದುವಿ ಆಗದ ಹುಡುಗಿಗೆ ಏನ ಕೇಳ್ತೀರಿ" ಅಂದ್ಲು. ಡಾಕ್ಟರು ಸಮಾಧಾನದಿಂದ ಹೇಳಿದ್ರು, "ಇದು ನಿಮ್ಮ ಮಗಳ ಮ್ಯಾಲೆ ಸಂಶೆ ಅಲ್ಲವಾ, ಗುಳಿಗಿ ನಿಯಮ. ಈ ಗುಳಿಗಿ ಕೊಡೂ ಎಲ್ಲಾ ಹೆಣ್ಣಮಕ್ಕಳಿಗೂ ಇದನ್ನ ಹೇಳತೀನಿ." ಮದುವಿ ಗೊತ್ತಾದ ಹುಡುಗ್ಯಾರ ಮನ್ಯಾಗ ಈ ಮಾತು ನಾಚಿಕಿ ಬಿಟ್ಟು ಆಗಬೇಕು. ಅಕ್ಕಗ ಬರದ ಗುಳಿಗೀನ ತಂಗಿ ನುಂಗಬಾರದು.

ರಕ್ತದಾಗ ಲಿವರಿಂದು, ಕೊಬ್ಬಿಂದು ನೋಡ್ತಾರ. ತುಟಿ ಒಡಿಯೋದು ಹೆಚ್ಚುಕಡಿಮಿ ಎಲ್ಲಾರಿಗೂ ಆಗ್ತದ, ವ್ಯಾಸಲೀನ್ ಕಿಸೇದಾಗ ಇರಬೇಕು. ಡಾಕ್ಸಿಸೈಕ್ಲಿನ್ ನಿಲ್ಲಿಸಿನ ಇದನ್ನ ಸುರು ಮಾಡ್ತಾರ, ಎರಡೂ ಕೂಡಿ ನುಂಗಬಾರದು, ತಲಿಯೊಳಗ ಒತ್ತಡ ಏರ್ತದ. ವಿಟಮಿನ್ ಎ ಗುಳಿಗೀನೂ ಬ್ಯಾಡ. ಮುಖಕ್ಕ ವ್ಯಾಕ್ಸ್ ಮಾಡಿಸಿದ್ರ ಚರ್ಮನ ಕಿತ್ತ ಬರ್ತದ. ಹುಡುಗಿ ಸುಮ್ಸುಮ್ನ ಅಳೋದು, ಮಂಕಾಗೋದು ಕಂಡ್ರ ಮುಂದಿನ ತಾರೀಖಿನ ತನಕ ಕಾಯದ ಡಾಕ್ಟರಿಗೆ ಹೇಳಬೇಕು. ಇಕೀಗೆ ಆರು ತಿಂಗಳು ಕೊಟ್ರು. ಎರಡನೇ ತಿಂಗಳ ಆದಮ್ಯಾಲೆ ಹೊಸಾ ಗಂಟು ಏಳಲಿಲ್ಲ.

ಉಳದದ್ದು ಕಲಿ. ಬರೇ ಬಣ್ಣದ ಕಲಿ, ಮಗ್ಗಲದ ಬೆಳಕಿನ್ಯಾಗ ನೆರಳು ಹಾಕದ ಇರೋದು, ಬಿಸಲಿಗೆ ಸನ್‌ಸ್ಕ್ರೀನ್ ಹಚ್ಚಿದ್ರ ತಿಂಗಳಾ ಹೋದಂಗ ತಿಳೀ ಆಗ್ತಾವ. ಇಕೀವು ಅರ್ಧಕ್ಕಿಂತ ಹೆಚ್ಚ ಹೋಗ್ಯಾವ. ಆರು ತಗ್ಗು ಹಂಗ ಅವ, ಯಾವ ಕ್ರೀಮಿನಿಂದನೂ ತುಂಬಂಗಿಲ್ಲ. ಅದಕ್ಕ ಸಣ್ಣ ಸೂಜಿದು, ಲೇಸರಿಂದು, ತಗ್ಗಿನೊಳಗ ಆಸಿಡ್ ಮುಟ್ಟಸೋದು ಅಂತ ಬ್ಯಾರೆ ಬ್ಯಾರೆ ಉಪಾಯ ಅವ. ಅವನ್ನೆಲ್ಲಾ ಗಂಟು ಏಳೋದು ಪೂರಾ ನಿಂತು, ಗುಳಿಗಿ ಮುಗದಮ್ಯಾಲೆ ಮಾಡಸಬೇಕು. ಎಷ್ಟ ಮಾಡಿಸಿದ್ರೂ ತಗ್ಗು ತಿಳಿವಾಗ್ತದ, ಮೊದಲಿನಂಗ ಆಗಂಗಿಲ್ಲ. ಗಂಟಿಗೆ ಲಗೂನ ಹೋಗ್ರಿ ಅನ್ನೋದು ಇದಕ್ಕ.

ಹೋಗೂವಾಗ ಇಷ್ಟು ಒಯ್ರಿ. ಇಲ್ಲೀತನಕ ಹಚ್ಚಿದ ಟ್ಯೂಬ್ ಎಲ್ಲಾ, ಖಾಲಿ ಆದದ್ದೂ. ನುಂಗಿದ ಗುಳಿಗಿ ಪಟ್ಟಿ. ಹಿಂದಿನ ನಾಕೈದು ತಿಂಗಳ ಮುಟ್ಟಿನ ತಾರೀಖು. ಕಿಟಕಿ ಬೆಳಕಿನ್ಯಾಗ ಎರಡೂ ಮಗ್ಗಲದಿಂದ ತಗದ ಫೋಟೋ, ವಾರಕ್ಕೊಂದರಂಗ. ಹುಡುಗಿ ಫೋಟೋಕ್ಕ ಒಲ್ಲೆ ಅಂದ್ರ, ಇದು ಯಾರಿಗೂ ತೋರಸಾಕಲ್ಲ, ಡಾಕ್ಟರಿಗೆ ಅಂತ ಹೇಳಿ ಅಕೀ ಫೋನಿನ್ಯಾಗ ಅಕೀ ಕೈಲೆನ ತಗಸ್ರಿ.