ನನ್ನದಲ್ಲದುದರ ಯಾದಿ

ನಮ್ಮ ಮನೆತನದಲ್ಲಿ ಕಾಗದವನ್ನು ಓದಿ ಸಹಿ ಮಾಡಿದವನು ನಾನೇ ಮೊದಲನೆಯವನು. ಅವ್ವ ಹೆಬ್ಬೆಟ್ಟು ಒತ್ತುತ್ತಾಳೆ. ನಾನು ಚಿಕ್ಕವನಿದ್ದಾಗ ಯಾರೋ ಒಬ್ಬರು “ಇದು ನಿಮ್ಮದೇ ಕಾಗದ, ಒತ್ತಬೇ ಯಕ್ಕಾ” ಎಂದು ಹೇಳಿ ಒತ್ತಿಸಿಕೊಂಡ ಒಂದು ಹೆಬ್ಬೆಟ್ಟು, ಆಮೇಲೆ ನೋಡಿದರೆ ಮತ್ತೊಬ್ಬರ ಸಾಲಕ್ಕೆ ಜಾಮೀನಾಗಿತ್ತು. ಅದು ತೀರುವವರೆಗೆ ರಾಯಬಾಗದ ಕಡೆಯ ಕಬ್ಬಿನ ಹೊಲಗಳಲ್ಲಿ ಅಪ್ಪ ಅವ್ವ ಇಬ್ಬರೂ ಮೂರು ಸುಗ್ಗಿ ದುಡಿದರು. ಆದುದರಿಂದ, ಬಿ.ಎ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಲಗತ್ತಿಸಬೇಕಾದ ಘೋಷಣಾಪತ್ರವನ್ನು ಮನೆಗೆ ತಂದಾಗ ಅವ್ವ ಕೇಳಿದ ಮೊದಲನೆಯ ಮಾತು, “ಅದ್ರಾಗ ಏನ್ ಬರದದ ಓದಿ ಹೇಳೋ” ಎಂಬುದಾಗಿತ್ತು.

ಬರೆದದ್ದು ಒಂದೇ ವಾಕ್ಯ: ಈ ಪ್ರಬಂಧವು ಸಂಪೂರ್ಣವಾಗಿ ನನ್ನ ಸ್ವಂತ ಕೃತಿಯಾಗಿರುತ್ತದೆ. ವಸತಿಗೃಹದಲ್ಲಿ ಅಥಣಿಯವರು, ಚಿಕ್ಕೋಡಿಯವರು, ಎಲ್ಲರೂ ಇದೇ ವಾಕ್ಯವನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡಿದ್ದೆವು. (ಸ್ವಂತ ಕೃತಿಯೆಂದು ಹೇಳುವ ವಾಕ್ಯವನ್ನೇ ನಕಲು ಮಾಡಿದ್ದು ಆಗ ಯಾರಿಗೂ ನಗೆ ತರಿಸಲಿಲ್ಲ.) ನಮ್ಮ ಗುರುಗಳು ಅದನ್ನು ಒಪ್ಪಲಿಲ್ಲ. ಒಂದು ಹಾಳೆಗೆ ಗೆರೆ ಎಳೆದು ನಾಲ್ಕು ಕಲಮು ಮಾಡಿಕೊಟ್ಟರು: ಯಾವ ಪುಟ, ಯಾರಿಂದ ಅಥವಾ ಯಾವುದರಿಂದ, ಏನನ್ನು ತೆಗೆದುಕೊಂಡೆ, ಅದನ್ನು ಹೇಗೆ ತಾಳೆ ನೋಡಿದೆ.

ನನ್ನ ವಿಷಯ ನಿಪ್ಪಾಣಿಯ ಸುತ್ತಿನ ಇಪ್ಪತ್ತೆರಡು ಜನ ತಂಬಾಕಿನ ರೈತರ ಜಮೀನು ಮತ್ತು ಇಳುವರಿ. ಯಾದಿ ಬರೆಯಲು ಕುಳಿತಾಗ ಮೊದಲು ಸಿಕ್ಕಿಬಿದ್ದದ್ದು ಗ್ಯಾಝೆಟಿಯರು. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ಬೆಳಗಾವಿ ಸಂಪುಟದ ಹೆಸರನ್ನು ನನ್ನ ಗ್ರಂಥಋಣದಲ್ಲಿ ಗಂಭೀರವಾಗಿ ಬರೆದಿದ್ದೆ. ಸತ್ಯವಾಗಿ ಹೇಳುವುದಾದರೆ ಆ ಸಂಪುಟವನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ. ಗ್ರಂಥಾಲಯದ ಒಂದು ಕನ್ನಡ ಪುಸ್ತಕದಲ್ಲಿ ಅದರ ಮಾತುಗಳಿದ್ದವು, ಅವನ್ನು ಎತ್ತಿಕೊಂಡಿದ್ದೆ. ಕನ್ನಡ ಪುಸ್ತಕದವರು ಅನುವಾದದಲ್ಲಿ ತಪ್ಪಿದ್ದರೆ ಆ ತಪ್ಪನ್ನು ನಾನು ಇಂಗ್ಲಿಷ್ ಗ್ರಂಥದ ತಲೆಗೆ ಕಟ್ಟಿದಂತಾಗುತ್ತಿತ್ತು. ಯಾದಿಯಲ್ಲಿ ಕನ್ನಡ ಪುಸ್ತಕದ ಹೆಸರನ್ನು ಬರೆದು, ಮೂಲವನ್ನು ನೋಡಿಲ್ಲವೆಂದು ಸೇರಿಸಿದೆ.

ಎರಡನೆಯದು ಇದಕ್ಕಿಂತ ಬಿರುಸಾದದ್ದು. ಆ ರೈತರಲ್ಲಿ ಬಹಳ ಮಂದಿ ಮನೆಯಲ್ಲಿ ಮರಾಠಿ ಆಡುವವರು. ಕಾಗವಾಡದ ನನ್ನ ಸಹಪಾಠಿ ಜೊತೆಗೆ ಬಂದು ನನ್ನ ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಿದ. ಇದಕ್ಕಾಗಿ ಕೃತಜ್ಞತೆಯ ಪುಟದಲ್ಲಿ “ಸಹಕರಿಸಿದ ಮಿತ್ರನಿಗೆ” ಎಂದು ವಂದಿಸಿ ಕೈತೊಳೆದುಕೊಂಡಿದ್ದೆ. ಆದರೆ ಎರಡನೆಯ ದಿನ ಅವನು, “ಯಾರಿಗೆ ಮಾರ್ತೀರಿ ಅಂತ ಕೇಳಿದ್ರ ಏನ್ ತಿಳೀತದಲೇ? ಬೆಳಿ ಬರೂಕಿಂತ ಮೊದಲ ಅವರ ಕಡೆ ರೊಕ್ಕಾ ತಗೊಂಡೀರೇನು ಅಂತ ಕೇಳು” ಎಂದಿದ್ದ. ಕೇಳಿದೆವು. ವ್ಯಾಪಾರಿಯಿಂದ ಮುಂಗಡ ಪಡೆದವನಿಗೆ ಬೇರೆಯವರಿಗೆ ಮಾರುವ ದಾರಿಯೇ ಇರುವುದಿಲ್ಲವೆಂದು ಮನೆಮನೆಯಲ್ಲಿ ಕೇಳಿಬಂತು. ನನ್ನ ಮೂರನೆಯ ಅಧ್ಯಾಯ ಪೂರ್ತಿ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ವಂದನೆ ಹೇಳುವುದು ಬೇರೆ, ಯಾವುದು ಅವನದೆಂದು ಹೇಳುವುದು ಬೇರೆ. ಎರಡು ರಾತ್ರಿ ಆ ಸಾಲನ್ನು ಖಾಲಿ ಬಿಟ್ಟಿದ್ದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಇರುವ ಒಂದು ಒಳ್ಳೆಯ ಅಧ್ಯಾಯವೂ ನನ್ನದಲ್ಲವೆಂದರೆ ಅಂಕ ಕೊಡುವವರು ಏನೆಂದುಕೊಂಡಾರು ಎಂಬ ಹೆದರಿಕೆ. ವಾಕ್ಯಗಳ ಹೋಲಿಕೆಯನ್ನು ಅಳೆಯುವ ಯಂತ್ರಗಳಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಗೆಳೆಯನು ಬಾಯಿಂದ ಹೇಳಿದ ಪ್ರಶ್ನೆಯನ್ನು ಯಾವ ಯಂತ್ರವೂ ಹಿಡಿಯಲಾರದು. ಅದನ್ನು ಬರೆಯುವವನು ನಾನೊಬ್ಬನೇ. ಕೊನೆಗೆ ಬರೆದೆ: ಪುಟ 31ರಿಂದ 40, ಮುಂಗಡದ ಪ್ರಶ್ನೆ ಸಹಪಾಠಿಯದು, ಉತ್ತರಗಳ ವಿಂಗಡಣೆ ನನ್ನದು.

ಇನ್ನು ಇಳುವರಿಯ ಕೋಷ್ಟಕ. ಅದು ನನ್ನ ಹೆಮ್ಮೆಯ ಕೋಷ್ಟಕ. ಒಂದು ಎಕರೆಗೂ ಕಡಿಮೆ ಜಮೀನುಳ್ಳವನ ಇಳುವರಿ ದೊಡ್ಡ ಹಿಡುವಳಿಯವನಿಗಿಂತ ಎರಡು ಪಟ್ಟು ಎಂದು ಅದರಿಂದ ಸಿದ್ಧವಾಗಿತ್ತು. ಯಾದಿಯಲ್ಲಿ “ಮೊಬೈಲಿನ ಸ್ಪ್ರೆಡ್‌ಶೀಟಿನಿಂದ ಲೆಕ್ಕ ಮಾಡಿದೆ” ಎಂದು ಬರೆದು ನಾಲ್ಕನೆಯ ಕಲಮಿಗೆ ಬಂದಾಗ ಪೆನ್ನು ನಿಂತಿತು. ತಾಳೆ ನೋಡಿರಲೇ ಇಲ್ಲ. ಏನಾದರೂ ಬರೆಯಬೇಕಲ್ಲ ಎಂದು ವಹಿಯ ಮೊದಲನೆಯ ಪುಟದ ನಾಲ್ವರು ರೈತರ ಜಮೀನನ್ನು ಕೈಯಿಂದ ಕೂಡಿಸಿದೆ. 2 ಎಕರೆ 20 ಗುಂಟೆ, 1 ಎಕರೆ 10 ಗುಂಟೆ, 3 ಎಕರೆ 30 ಗುಂಟೆ, ಕೊನೆಯವನದು ಬರೀ 30 ಗುಂಟೆ. ಗುಂಟೆಗಳೆಲ್ಲ ಕೂಡಿ 90. ನಲವತ್ತಕ್ಕೆ ಒಂದು ಎಕರೆಯಂತೆ 2 ಎಕರೆ 10 ಗುಂಟೆ. ಒಟ್ಟು 8 ಎಕರೆ 10 ಗುಂಟೆ, ಅಂದರೆ ಎಂಟೂಕಾಲು ಎಕರೆ. ಮೊಬೈಲಿನಲ್ಲಿ 6.90 ಎಂದಿತ್ತು.

ಕಾರಣ ಹೊಳೆಯಲು ತಡವಾಗಲಿಲ್ಲ. ಉತಾರದಲ್ಲಿ ಇರುವಂತೆ 2-20 ಎಂದು, 1-10 ಎಂದು ಬರೆದರೆ ಯಂತ್ರ ಅದನ್ನು ದಿನಾಂಕವೆಂದು ತಿಳಿಯುತ್ತಿತ್ತು. ಬೇಸತ್ತು ಅಡ್ಡಗೆರೆಯ ಬದಲು ಚುಕ್ಕೆ ಇಟ್ಟಿದ್ದೆ. ಚುಕ್ಕೆ ಇಟ್ಟೊಡನೆ 20 ಗುಂಟೆ ಎಂಬುದು ಅರ್ಧ ಎಕರೆಯಾಗದೆ ಎಕರೆಯ ಐದನೆಯ ಒಂದಂಶವಾಯಿತು. ದೊಡ್ಡ ಹೊಲಕ್ಕೆ ಈ ಪೆಟ್ಟು ಸ್ವಲ್ಪ, ಸಣ್ಣ ಹೊಲಕ್ಕೆ ಬಹಳ. ಮೂವತ್ತು ಗುಂಟೆಯವನು ಬೆಳೆದದ್ದು 3 ಕ್ವಿಂಟಲ್. ಅದನ್ನು 0.30ರಿಂದ ಭಾಗಿಸಿದರೆ ಎಕರೆಗೆ 10 ಕ್ವಿಂಟಲ್; ಸರಿಯಾದ ಮುಕ್ಕಾಲು ಎಕರೆಯಿಂದ ಭಾಗಿಸಿದರೆ 4. ಮೂರು ಎಕರೆ ಮೂವತ್ತು ಗುಂಟೆಯವನದು 14 ಕ್ವಿಂಟಲ್. ತಪ್ಪು ಲೆಕ್ಕದಲ್ಲಿ ಎಕರೆಗೆ 4.24, ಸರಿಯಾದುದರಲ್ಲಿ 3.73. ನನ್ನ ಸಿದ್ಧಾಂತವೆಲ್ಲ ಆ ಚುಕ್ಕೆಯ ಬೆಳೆ! ಕೋಷ್ಟಕವನ್ನು ಸುಮ್ಮನೆ ದಿಟ್ಟಿಸಿದ್ದರೂ ತಿಳಿಯಬಹುದಿತ್ತು: ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ಚುಕ್ಕೆಯ ಮುಂದಿನ ಅಂಕಿ 39ನ್ನು ದಾಟಿರಲಿಲ್ಲ. ಕೂಡಿದ ಮೊತ್ತ ಮಾತ್ರ 90 ಆಗಿತ್ತು.

ಎಕರೆಗೊಂದು ಕಲಮು, ಗುಂಟೆಗೊಂದು ಕಲಮು ಬೇರೆ ಮಾಡಿ, ಪಕ್ಕದಲ್ಲಿ =A2+B2/40 ಎಂದು ಕೊಟ್ಟು ಇಪ್ಪತ್ತೆರಡನ್ನೂ ಮತ್ತೆ ಲೆಕ್ಕ ಹಾಕಿದೆ. ಸಣ್ಣವನ ಇಳುವರಿಗೂ ದೊಡ್ಡವನ ಇಳುವರಿಗೂ ಹೇಳಿಕೊಳ್ಳುವಂತಹ ಅಂತರ ಉಳಿಯಲಿಲ್ಲ. ಹನ್ನೊಂದು ಪುಟಗಳನ್ನು ಕಿತ್ತು ಮತ್ತೆ ಟೈಪು ಮಾಡಿಸಬೇಕಾಯಿತು. ಯಾದಿಯಲ್ಲಿ, ಮೊದಲಿನ ಲೆಕ್ಕ ತಪ್ಪಿತ್ತೆಂದೂ, ತಪ್ಪು ಯಂತ್ರದ್ದಲ್ಲ, ತುಂಬಿದ ನನ್ನದೆಂದೂ, ನಾಲ್ವರ ಲೆಕ್ಕವನ್ನು ಕೈಯಿಂದ ತಾಳೆ ನೋಡಿದೆನೆಂದೂ ಬರೆದೆ. ಗುರುಗಳು ಓದಿ, “ನಾಲ್ವರದು ಸಾಲದು, ಹತ್ತು ಜನರದು ನೋಡಪ್ಪಾ” ಎಂದರು. ನೋಡಿದೆ.

ರವಿವಾರ ಊರಿಗೆ ಹೋಗಿ ಅವ್ವನಿಗೆ ಯಾದಿಯನ್ನು ಪೂರ್ತಿ ಓದಿ ಹೇಳಿದೆ. ಗ್ಯಾಝೆಟಿಯರಿನ ಮಾತಿಗೆ ಹೂಂ ಎನ್ನಲಿಲ್ಲ. ಗೆಳೆಯನ ಸಾಲಿಗೆ “ಬರೆದದ್ದು ಚಲೋ ಆತು” ಎಂದಳು. ಗುಂಟೆಯ ಕಥೆಯನ್ನು ಮಾತ್ರ ಎರಡು ಸಲ ಓದಿಸಿದಳು. ಆಮೇಲೆ, “ಆ ಮೂವತ್ತು ಗುಂಟೆಯಾಂವಗ ನೀ ಏನ್ ಹೇಳಿದ್ದಿ?” ಎಂದು ಕೇಳಿದಳು.

ಹೇಳಿದ್ದುಂಟು. ಹಿಂದಿನ ತಿಂಗಳು ಕೋಷ್ಟಕ ಸಿದ್ಧವಾದ ಹುರುಪಿನಲ್ಲಿ ಅವರ ಕಟ್ಟೆಗೆ ಹೋಗಿ, “ಮಾಮಾ, ಈ ಸುತ್ತಿನಾಗ ಎಕರೆಕ್ಕ ಹತ್ತು ಕ್ವಿಂಟಲ್ ತಗದಾಂವ ನೀವ ಒಬ್ಬರ” ಎಂದಿದ್ದೆ. ಅವರು ನಕ್ಕಿದ್ದರು. ಆ ನಗೆಯನ್ನು ನಾನು ಸಂತೋಷವೆಂದು ವಹಿಯಲ್ಲಿ ಬರೆದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಚಿಕ್ಕೋಡಿಯಲ್ಲಿ ಇಳಿಯದೆ, ಅದೇ ಬಸ್ಸಿನಲ್ಲಿ ನಿಪ್ಪಾಣಿಗೆ ಟಿಕೀಟು ತೆಗೆಸಿದೆ.