ಕವರು ಬಂತು, ಕಾಗದ ಬರಲಿಲ್ಲ

ನಮ್ಮಪ್ಪ ಸೇಲಂನಲ್ಲಿ ಮಗ್ಗ ನೇಯುತ್ತಿದ್ದ ಕಾಲ. ಊರಿಗೆ ಅವನು ಬರೆದ ಕಾಗದ ಒಂದು ಸಲ ಬರೀ ಕವರಾಗಿ ಬಂತು. ಅಂಚು ಹರಿದಿತ್ತು, ಒಳಗೆ ಏನೂ ಇರಲಿಲ್ಲ. ಅಜ್ಜಿ ಮಗನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಒಂದು ಕಾರ್ಡು ತರಿಸಿ, "ಕವರು ಬಂತು, ಕಾಗದ ಬರಲಿಲ್ಲ, ಇನ್ನೊಂದು ಸಾರಿ ಬರಿ" ಅಂತ ಬರೆಸಿದಳು. ಓದು ಬಾರದ ಆಕೆಗಿದ್ದ ಬುದ್ಧಿ ನನಗೆ ಇರಲಿಲ್ಲ ಅನ್ನೋದು ಹೋದ ವರ್ಷ ಜೂನ್‌ನಲ್ಲಿ ಗೊತ್ತಾಯಿತು.

ಕಾಲೇಜಿಗೆ ಸೇರೋ ಮಕ್ಕಳಿಗೆ ನಮ್ಮ ವಾಚನಾಲಯದಿಂದ ಪುಸ್ತಕಕ್ಕೆ ಸ್ವಲ್ಪ ಹಣ ಕೊಡುತ್ತೇವೆ. ಅರ್ಜಿ ಇಮೇಲಿನಲ್ಲಿ ಬರಬೇಕು. ಕೊನೇ ದಿನ ಸಂಜೆ 5 ಗಂಟೆಯೊಳಗೆ ಅಂತ ಹೇಳಿದ್ದೆವು. ಅಂದು 4.40ಕ್ಕೆ ಒಂದು ಮೇಲು ಬಂತು. ಮೇಲೆ "ಅರ್ಜಿ" ಅನ್ನೋ ಅರ್ಥದ ಇಂಗ್ಲಿಷ್ ಪದ ಒಂದೇ, ಕೆಳಗೆ ಒಂದಕ್ಷರವೂ ಇಲ್ಲ. ಯಾರೋ ಆಟ ಆಡುತ್ತಿದ್ದಾರೆ ಅಂತ ಅಳಿಸಿಬಿಟ್ಟೆ.

ಮೂರನೇ ದಿನ ಪೆನ್ನಾಗರಂ ಕಡೆಯಿಂದ ತಾಯಿ ಮಗಳು ಬಸ್ಸು ಹತ್ತಿ ಬಂದರು. "ಅಣ್ಣ, ಕಳಿಸಿದ್ದೀವಿ, ಉತ್ತರಾನೇ ಬರ್ಲಿಲ್ಲ" ಅಂದಳು ತಾಯಿ. ಹುಡುಗಿ ಫೋನಿನಲ್ಲಿ ಕಳಿಸಿದ ಮೇಲು ತೋರಿಸಿದಳು. ಅವಳ ಕಡೆಯಲ್ಲೂ ಅದು ಖಾಲಿಯೇ.

ಅಳಿಸಿದ ಮೇಲು ಜಿಮೇಲ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಪಕ್ಕದಲ್ಲಿದ್ದ ಶಾಲೆಯ ಮೇಷ್ಟ್ರು ಅದನ್ನು ಕಂಪ್ಯೂಟರಿನಲ್ಲಿ ತೆಗೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, `Show original` ತೆರೆದರು. ಮೇಲಿನ ಹೊಟ್ಟೆಯೊಳಗಿನ ಬರಹವೆಲ್ಲ ಅಲ್ಲಿ ಕಾಣುತ್ತದೆ. ಫೈಲು ಜೊತೆಗೆ ಬಂದಿದ್ದರೆ ಇಂಥ ಒಂದು ಸಾಲು ಇರುತ್ತದೆ:

```
Content-Disposition: attachment; filename="marks.pdf"
```

ಅದರ ಕೆಳಗೆ ಅರ್ಥವಿಲ್ಲದ ಅಕ್ಷರಗಳು ಪುಟಗಟ್ಟಲೆ ಇದ್ದರೆ ಫೈಲು ಬಂದಿದೆ, ಬರೀ ಪತ್ರದ ಜಾಗ ಖಾಲಿ ಅಷ್ಟೆ. ಸಾಲು ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಫೈಲಿನ ಹೆಸರು ಮಾತ್ರ ಬಂದಿದೆ. ಇಲ್ಲಿ ಆ ಸಾಲೇ ಇರಲಿಲ್ಲ. ಅಂದರೆ ಅಂಕಪಟ್ಟಿ ದಾರಿಯಲ್ಲಿ ಕಳೆದಿಲ್ಲ, ಹೊರಡುವಾಗಲೇ ಅಂಟಿರಲಿಲ್ಲ.

ಯಾಕೆ ಅಂಟಲಿಲ್ಲ ಅನ್ನೋದನ್ನ ಈ ಬರಹ ಹೇಳುವುದಿಲ್ಲ, ಕಳಿಸಿದವರನ್ನೇ ಕೇಳಬೇಕು. ಹುಡುಗಿ ಹೇಳಿದಳು: "ಬ್ರೌಸಿಂಗ್ ಸೆಂಟರಲ್ಲಿ ನೆಟ್ ನಿಂತು ನಿಂತು ಬರ್ತಿತ್ತು ಸಾರ್. ಪಟ್ಟಿ ಅರ್ಧ ತುಂಬಿತ್ತು, ಆಮೇಲೆ ಕೆಂಪಗೆ ಏನೋ ಬಂತು. ಆ ಅಣ್ಣ ಅದನ್ನ ತೆಗೆದು ಕಳಿಸಿಬಿಟ್ರು." ಎರಡು ಮಾತು ಯಾಕೆ ಬರೆಯಲಿಲ್ಲಮ್ಮ ಅಂದೆ. ಮನೆಮಾತು ಕನ್ನಡ, ಓದಿದ್ದು ತಮಿಳು, ಇಂಗ್ಲಿಷ್ ಬರೆಯೋಕೆ ಭಯ. ಎಲ್ಲಾ ಕಾಗದದಲ್ಲೇ ಇದೆಯಲ್ಲ ಅಂದುಕೊಂಡಿದ್ದಾಳೆ.

ಆ ಖಾಲಿ ಜಾಗವೇ ಅವಳಿಗೆ ಎರಡನೇ ಪೆಟ್ಟು ಕೊಟ್ಟಿತು. ಪತ್ರದಲ್ಲಿ `attached` ಅನ್ನೋ ಇಂಗ್ಲಿಷ್ ಪದ ಇದ್ದು ಫೈಲು ಇಲ್ಲದಿದ್ದರೆ, ಕಂಪ್ಯೂಟರಿನಲ್ಲಿ ಜಿಮೇಲ್ ಸಾಮಾನ್ಯವಾಗಿ ಕಳಿಸುವ ಮುಂಚೆ "ಫೈಲು ಮರೆತಿರಾ?" ಅಂತ ಕೇಳುತ್ತದೆ. ಏನೂ ಬರೆಯದಿದ್ದರೆ ಅದು ಕೇಳುವುದಾದರೂ ಹೇಗೆ?

ಮೇಷ್ಟ್ರು ಇನ್ನೊಂದು ತೋರಿಸಿದರು. ಅದೇ ಪುಟದ ಮೇಲ್ಭಾಗದಲ್ಲಿ `Received:` ಸಾಲಿನಲ್ಲಿ `04:10` ಅಂತಲೂ ಅದರ ಮುಂದೆ `-0700` ಅಂತಲೂ ಇತ್ತು. ಬೆಳಗಿನ ಜಾವ ಅಂತ ನಾನು ಬೆಚ್ಚಿದೆ. ಅದು ಅಮೆರಿಕದ ಗಡಿಯಾರವಂತೆ. `-0700` ಇದ್ದರೆ 12 ಗಂಟೆ 30 ನಿಮಿಷ ಕೂಡಿಸಬೇಕು. ನಮ್ಮ ಸಂಜೆ 4.40 ಸರಿಯಾಯಿತು. ಹುಡುಗಿ ಹೊತ್ತಿಗೆ ಮುಂಚೆಯೇ ಬಾಗಿಲು ತಟ್ಟಿದ್ದಳು ಅನ್ನೋದಕ್ಕೆ ಇದೇ ಸಾಕ್ಷಿ. ಕಮಿಟಿಯವರು ಒಪ್ಪಿದರು. ಕೈಯಲ್ಲಿದ್ದ ಕಾಗದ ತಗೊಂಡು ಅರ್ಜಿ ಸೇರಿಸಿದೆವು.

ಈಗ ಖಾಲಿ ಮೇಲು ಬಂದರೆ ಅಂದೇ ಅದಕ್ಕೇ ಉತ್ತರ ಹಾಕುತ್ತೇನೆ: "ನಿಮ್ಮ ಮೇಲು ಇಂಥ ದಿನ ಇಷ್ಟು ಗಂಟೆಗೆ ಬಂತು. ಅದರ ಜೊತೆ ಫೈಲು ಬಂದಿಲ್ಲ. ಕಳಿಸಿದ್ದರಲ್ಲಿ ತೆರೆದು ನೋಡಿ. ಇನ್ನೊಂದು ಸಲ ಕಳಿಸಿ, ಇಲ್ಲವೇ ವಾಟ್ಸಾಪಿಗೆ ಹಾಕಿ, ಇಲ್ಲವೇ ಕೈಯಲ್ಲಿ ತನ್ನಿ. ನಿಮ್ಮ ಹೆಸರು, ಫೋನ್ ನಂಬರು ಬರೆಯಿರಿ. ಮೊದಲು ಬಂದ ಹೊತ್ತನ್ನೇ ಲೆಕ್ಕಕ್ಕೆ ಇಡುತ್ತೇವೆ." "ನೀವು ಏನೂ ಕಳಿಸಿಲ್ಲ" ಅಂತ ಬರೆಯುವುದಿಲ್ಲ. ಅವರು ಕಳಿಸಿದ್ದೇವೆ ಅಂತಲೇ ನಂಬಿರುತ್ತಾರೆ, ಆ ಮಾತು ಜಗಳಕ್ಕೆ ದಾರಿ. ಆದರೆ ಗುರುತಿಲ್ಲದವರಿಂದ ಬರೀ ಒಂದು ಲಿಂಕ್ ಇರುವ ಮೇಲು ಬಂದರೆ ಅದು ಬೇರೆ ವಿಷಯ. ಅದನ್ನು ಮುಟ್ಟುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ.

ಅದರ ಹಿಂದಿನ ವರ್ಷವೂ ಇಂಥವು ಒಂದೆರಡು ಬಂದಿದ್ದ ನೆನಪು. ಬುಟ್ಟಿಯಲ್ಲಿ ಹುಡುಕಿದೆ. 30 ದಿನ ಯಾವಾಗಲೋ ಕಳೆದಿತ್ತು. ಯಾರ ಮಕ್ಕಳೋ ಗೊತ್ತಿಲ್ಲ. ಅವರಿಗೆ ಅಜ್ಜಿಯ ಕಾರ್ಡು ಹೋಗಲೇ ಇಲ್ಲ.