ಬಾತ್‌ರೂಮಿನ ಪೈಪಿನ ಲೆಕ್ಕ

ನಮ್ಮ ತಂಗಿ ಮನಿ ಕಟ್ಟಸಾಕತ್ತಾಳ. ರೊಕ್ಕ ಅಳದು ಇಟ್ಟಾಳ. ನಳದ ಮಿಸ್ತ್ರಿ ಒಂದು ಚೀಟಿ ಕೊಟ್ಟಾನ, ಅದರಾಗ ಹದಿನಾಕು ಟೀ ಬರದಾನ. "ಅಕ್ಕಾ, ಇಷ್ಟ ಬೇಕೇನ?" ಅಂತ ಕೇಳಿದ್ಲು. ಇಬ್ರೂ ನಕಾಶಿ ಹಿಡಕೊಂಡು ಕೂತ್ವಿ. ನಿಮಗೂ ಬೇಕಾಗ್ತದಂತ ಬರದೀನ್ರಿ. ಇದು ತಣ್ಣೀರಿನ ಲೈನಿನ ಲೆಕ್ಕ ಅಷ್ಟ. ಬಿಸಿನೀರಿಂದು ಬ್ಯಾರೆ ಹಿಡೀಬೇಕು.

ಮೊದಲು ನೀರು ಎಲ್ಲೆಲ್ಲಿ ಬೇಕು ಅಂತ ಎಣಸ್ರಿ. ಒಂದೊಂದು ಬಾತ್‌ರೂಮಿಗೆ ಬೇಸಿನ್, ಕಮೋಡ್, ಮಿಕ್ಸರ್, ಗೀಜರ್ ಹಿಂಗ ನಾಕು. ಎರಡಕ್ಕ ಎಂಟು. ಟೀ ಅಂದ್ರ ಒಂದು ಹಾದಿ ಎರಡಾಗೂ ಜಾಗ. ಒಂದ ಪೈಪು ಎಂಟು ಬಾಯಿಗೆ ಮುಟ್ಟಬೇಕಂದ್ರ ಏಳು ಸಲ ಒಡೀಬೇಕು. ಅಂದ್ರ ಟೀ ಏಳು, ಯಾವಾಗ್ಲೂ ಬಾಯಿಗಿಂತ ಒಂದು ಕಡಿಮಿ. ಲೈನಿನ ಕಡೀ ಬಾಯಿಗೆ ಟೀ ಬ್ಯಾಡ, ಎಲ್ಬೋ ಸಾಕು.

ಎಲ್ಬೋ ತಿರುವಿನ ಲೆಕ್ಕ. ಟಾಕಿಯಿಂದ ಇಳದು, ಮಾಳಿಗಿ ಮ್ಯಾಲೆ ಹೋಗಿ, ಮತ್ತ ಕೆಳಗ ಇಳೀಲಿಕ್ಕೆ ಮೂರು. ಒಂದೊಂದು ಬಾತ್‌ರೂಮಿನ ಮೂಲಿಗೆ ಒಂದು, ಕಡೀಕ್ಕೊಂದು, ಅಲ್ಲಿಗೆ ನಾಕು. ಒಟ್ಟು ಏಳು. ನಳ ಕೂಡೂ ಎಂಟು ಕಡೆ ಹಿತ್ತಾಳಿ ಥ್ರೆಡ್ ಇರೋ ಎಲ್ಬೋ ಬ್ಯಾರೆ.

ಪೈಪಿನ ಉದ್ದದಾಗ ಮೋಸ ಹೋಗೂದು ಇಲ್ಲೇ. ನಕಾಶಿ ಮ್ಯಾಲಿಂದ ನೋಡಿದಂಗ ಇರ್ತದ, ಎತ್ತರ ಕಾಣೂದಿಲ್ಲ. ಬಾತ್‌ರೂಮು ಅಕ್ಕಪಕ್ಕ, ಒಂದೊಂದು ಐದು-ಎಂಟು ಫೂಟು. ಲೈನು ಎರಡು ಗೋಡಿ ಹಿಡದು ಹೋದ್ರ 13 ಫೂಟು, ಎರಡಕ್ಕ 26. ಮಾಳಿಗಿ ಮ್ಯಾಲೆ 8. ನಕಾಶಿಯೊಳಗ ಕಾಣೂದು ಈ 34 ಅಷ್ಟ. ಟಾಕಿ ಕಟ್ಟಿಯಿಂದ ಇಳೀಲಿಕ್ಕೆ 2, ಸ್ಲ್ಯಾಬಿಗೆ 1, ಹತ್ತು ಫೂಟಿನ ಛತ್ತಿನಿಂದ ನಾಕು ಫೂಟಿನ ಲೈನಿಗೆ 6. ಆ ಲೈನಿಂದ ಮಿಕ್ಸರಿಗೆ 1, ಬೇಸಿನ್ನಿಗೆ 2, ಕಮೋಡಿಗೆ 3 ಇಳೀಬೇಕು, ಗೀಜರಿಗೆ 3 ಏರಬೇಕು. 9, ಎರಡಕ್ಕ 18. ಕಾಣದ್ದು 27 ಫೂಟು!

ಅಳತಿ ಪ್ರಕಾರ ಬ್ಯಾರೆ ಮಾಡ್ರಿ: ಟಾಕಿಯಿಂದ ಇಳಿಯೂದು ಒಂದು ಇಂಚು 17 ಫೂಟು, ಗೋಡಿ ಲೈನು ಮುಕ್ಕಾಲು ಇಂಚು 26, ಬಾಯಿಗೆ ಹೋಗೂದು ಅರ್ಧ ಇಂಚು 18. ಪೈಪು ಮೂರು ಮೀಟರಿಂದು, ಅಂದ್ರ ಹತ್ತು ಫೂಟಿಗೆ ತುಸು ಕಡಿಮಿ. ಹಂಗಾಗಿ ಎರಡು, ಮೂರು, ಎರಡು: ಒಟ್ಟು ಏಳು ಪೈಪು. 61 ಫೂಟು ಅಂತ ಒಟ್ಟು ಹೇಳಿದ್ರ ಅಂಗಡ್ಯಾವ ಯಾವ ಅಳತಿ ಕೊಡಬೇಕು?

ತಂಗಿ ಮಿಸ್ತ್ರಿಗೆ ಕೇಳಿದ್ಲು: "ಎಂಟು ಬಾಯಿಗೆ ಹದಿನಾಕು ಟೀ ಎಲ್ಲಿ ಹಾಕ್ತೀಯೋ ತೋರ್ಸಪಾ." ಅಂವಾ ಎಣಿಸಿ, ಏಳು ಬೇಕು, ಕೆಟ್ಟ್ರ ಇರ್ಲಿ ಅಂತ ಎರಡು ಹೆಚ್ಚು ಅಂದ. ಒಂಬತ್ತು ತಂದಾಳ. ಒಮ್ಮೆ ಅಂಟು ಹಚ್ಚಿದ ಟೀ ಬಿಚ್ಚಲಿಕ್ಕೆ ಬರೂದಿಲ್ಲ, ಆ ಎರಡು ಇರ್ಲಿ.